ಮುಂಗಡದಿಂದ ವಜಾ ಮಾಡಿದ ಹಣಕ್ಕೆ ತಪಶೀಲು

ಬೆಂಗಳೂರಿನಲ್ಲಿ ಮನೆಯನ್ನು ಬಾಡಿಗೆಗೆ ಹಿಡಿಯುವವರು ಹತ್ತು ತಿಂಗಳ ಬಾಡಿಗೆಯಷ್ಟು ಹಣವನ್ನು ಮುಂಗಡವಾಗಿ ಕೊಡುವ ರೂಢಿಯುಂಟಷ್ಟೆ. ನಾವೂ ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆಯೊಂದಕ್ಕೆ ಎರಡು ಲಕ್ಷವನ್ನಿಟ್ಟು ಐದು ವರುಷ ವಾಸಮಾಡಿದೆವು. ಬಿಡುವ ದಿನ ಮನೆಯ ಯಜಮಾನರು “ಸುಣ್ಣಬಣ್ಣ, ರಿಪೇರಿ ಬಾಬ್ತು 46,000” ಎಂಬ ಒಂದೇ ಸಾಲನ್ನು ಬರೆದು, ಉಳಿದುದನ್ನು ನಮ್ಮ ಮುಂದಿಟ್ಟು, ಲೆಕ್ಕ ಚುಕ್ತಾ ಆಯಿತೆಂದು ರಸೀತಿಗೆ ರುಜು ಕೇಳಿದರು. ನಾವು ಹಣವನ್ನು ತೆಗೆದುಕೊಂಡೆವು. ಆದರೆ ರಸೀತಿಯಲ್ಲಿ “1,54,000 ಸಂದಿದೆ, ವಜಾ ಮಾಡಿದ ಹಣಕ್ಕೆ ನಮ್ಮ ಒಪ್ಪಿಗೆಯಿಲ್ಲ” ಎಂದು ಬರೆದೇ ರುಜು ಹಾಕಿದೆವು. ಚುಕ್ತಾ ಎಂದು ಒಪ್ಪಿದ ಕಾಗದ ಆಮೇಲೆ ನಮಗೇ ಎದುರು ಸಾಕ್ಷಿಯಾಗುವುದು.

ಮರುದಿನ ಕಾಗದ ಬರೆದು, ಯಾವ ಕೋಣೆಯಲ್ಲಿ ಯಾವ ಕೆಲಸ, ಎಷ್ಟು ಖರ್ಚು, ಬಿಲ್ಲು ಎಲ್ಲಿ ಎಂದು ತಪಶೀಲು ಕೇಳಿದೆವು. ಜಗಳಕ್ಕಿಂತ ಇದು ಹೆಚ್ಚು ಕೆಲಸ ಮಾಡಿತೆಂದು ನಮ್ಮ ಅಭಿಪ್ರಾಯ. ಒಟ್ಟು ಮೊತ್ತದೊಡನೆ ವಾದಿಸುವುದು ಹೇಗೆ? ವಾರ ಕಳೆದು ಪಟ್ಟಿ ಬಂದಿತು: ಇಡೀ ಮನೆಗೆ ಬಣ್ಣ 32,000, ಅಡಿಗೆಮನೆಯ ನಲ್ಲಿಗಳು 5,000, ಒಡೆದ ಕೈತೊಳೆಯುವ ಬೇಸಿನ್ 4,500, ಬಚ್ಚಲುಮನೆಯ ಬಾಗಿಲು 4,500.

ಬೇಸಿನ್ನಿನ ಮೇಲೆ ಹಿತ್ತಾಳೆಯ ಚೊಂಬನ್ನು ಬೀಳಿಸಿದವರು ನಾವೇ; ಅದನ್ನು ಒಪ್ಪಿದೆವು. ನಡುಮನೆಯ ಗೋಡೆಗೆ ಹಲಗೆ ಹೊಡೆಯಲು ಕೊರೆದ ತೂತುಗಳೂ ನಮ್ಮವೇ. ಆ ಒಂದು ಗೋಡೆಗೆ 2,500 ಕೊಡಲು ಒಪ್ಪಿದೆವು. ಆದರೆ ಐದು ವರುಷದ ಬಿಸಿಲಿಗೂ ಒಲೆಯ ಆವಿಗೂ ಮಾಸಿದ ಬಣ್ಣವು ವಾಸದ ಸವಕಳಿಯೇ ಹೊರತು ಹಾನಿಯಲ್ಲ. ಮಳೆಗಾಲದಲ್ಲಿ ಉಬ್ಬಿದ ಬಾಗಿಲೂ ಅಂತಹುದೇ.

1882ನೆಯ ಇಸವಿಯ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣವು ಬಾಡಿಗೆದಾರನು ಸ್ವತ್ತನ್ನು ಮೊದಲಿದ್ದ ಸ್ಥಿತಿಯಲ್ಲೇ ಒಪ್ಪಿಸಬೇಕೆಂದು ವಿಧಿಸುತ್ತದೆ. ಯುಕ್ತವಾದ ಸವಕಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಕರಾರಿನಲ್ಲಾಗಲಿ ಸ್ಥಳದ ರೂಢಿಯಲ್ಲಾಗಲಿ ಬೇರೆ ಏರ್ಪಾಡಿದ್ದರೆ ಈ ನಿಯಮ ಹಿಂದೆ ಸರಿಯುವುದು. ಯಜಮಾನರು “ಬಿಡುವಾಗ ಬಣ್ಣದ ಹಣ ಹಿಡಿಯುವುದು ಊರಿನ ವಾಡಿಕೆ” ಎಂದುದೂ ಇದೇ ಧೈರ್ಯದಿಂದ. ನಮ್ಮ ಪುಣ್ಯಕ್ಕೆ ಕರಾರುಪತ್ರದಲ್ಲಿ “ಸಾಮಾನ್ಯ ಸವಕಳಿಯ ಹೊರತು” ಎಂಬ ಮಾತು ಸ್ಪಷ್ಟವಾಗಿ ಇದ್ದಿತು. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆಯೆಂದು ಬರೆದಿದ್ದರೆ, ರುಜು ಹಾಕಿದವರಾದ ನಾವು ಬಾಯಿ ಮುಚ್ಚಿಕೊಳ್ಳಬೇಕಾಗುತ್ತಿತ್ತು.

ಹೊಕ್ಕ ದಿನ ತೆಗೆದಿದ್ದ ಫೋಟೋಗಳನ್ನೂ ಕರಾರಿನ ಪ್ರತಿಯನ್ನೂ ಕಾಗದದೊಡನೆ ಲಗತ್ತಿಸಿ, ನಮ್ಮ ಪಾಲು 7,000, ಉಳಿದ 39,000ವನ್ನು ಹದಿನೈದು ದಿನದೊಳಗೆ ಹಿಂದಿರುಗಿಸಬೇಕೆಂದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆವು. ನಲ್ಲಿಗಳ ವಿಷಯದಲ್ಲಿ ನಮ್ಮ ಕೈ ಅಷ್ಟು ಗಟ್ಟಿಯಾಗಿರಲಿಲ್ಲ. ಒಂದರ ಹಿಡಿಯು ಮುರಿದಿದ್ದುದು ಸವೆದೋ ಮಗುವಿನ ಎಳೆತಕ್ಕೋ ಹೇಳಲಾರೆವು. ಯಜಮಾನರು ಹನ್ನೆರಡನೆಯ ದಿನ 37,000 ಕಳುಹಿಸಿದರು. ಆ ಎರಡು ಸಾವಿರವನ್ನು ನಾವು ಮತ್ತೆ ಕೇಳಲಿಲ್ಲ.