ಜರ್ಮನಿಗೆ ಬರೆಯುವ ಮೊದಲ ಇಮೇಲ್

ಬೆಂಗಳೂರಿನ ಮಧ್ಯಾಹ್ನ ಒಂದೂವರೆಗೆ ಬರ್ಲಿನ್‌ನಲ್ಲಿ ಚಳಿಗಾಲದ ಬೆಳಗಿನ 9 ಗಂಟೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಂತರ ಮೂರೂವರೆ ಗಂಟೆಯಷ್ಟೇ. ಮಾತುಕತೆಗೆ ಸಮಯ ಸೂಚಿಸುವಾಗ ಎರಡೂ ಊರಿನ ಗಂಟೆ ಬರೆಯಿರಿ.

ಪ್ರಾಧ್ಯಾಪಕರಿಗಾದರೆ ಪದವಿಯ ಜೊತೆ ಮನೆತನದ ಹೆಸರು ಹಾಕಿ. ಅವರಾಗಿಯೇ ಮೊದಲ ಹೆಸರಷ್ಟೇ ಬರೆದು ಸಹಿ ಮಾಡುವವರೆಗೆ ಆ ಕ್ರಮ ಬಿಡಬೇಡಿ. ಕುಶಲಪ್ರಶ್ನೆ ಒಂದು ಸಾಲು ಸಾಕು, ಎರಡನೆಯ ಸಾಲಿನಲ್ಲೇ ಕೇಳಬೇಕಾದದ್ದನ್ನು ಕೇಳಿ. 'ಈ ವರ್ಷ ನಮ್ಮ ಲ್ಯಾಬ್‌ನಲ್ಲಿ ಜಾಗವಿಲ್ಲ' ಎಂಬ ಒಂದೇ ಸಾಲಿನ ಉತ್ತರ ಬಂದರೆ ಅದು ಸಿಟ್ಟಲ್ಲ, ಮಾಹಿತಿ. ಮುಂದಿನ ವರ್ಷದ ಬಗ್ಗೆ ಧಾರಾಳವಾಗಿ ವಿಚಾರಿಸಬಹುದು.

ಆಗಸ್ಟ್‌ನಲ್ಲಿ ಹಲವರು ವಾರಗಟ್ಟಲೆ ರಜೆಯಲ್ಲಿರುತ್ತಾರೆ. ತಾನಾಗಿ ಬರುವ ಉತ್ತರದಲ್ಲಿ ಅವರು ಮರಳುವ ದಿನಾಂಕವಿದ್ದರೆ, ಅದಾದ ಒಂದು ವಾರದ ನಂತರ ಹಳೆಯ ಇಮೇಲ್‌ನ ಕೆಳಗೇ ನೆನಪಿಸಿ.