ಹಲಗೆ ಹಿಂದಕ್ಕೆ ಸಿಡಿಯುವುದೇಕೆ?

ಐಟಿಐನಲ್ಲಿ ಮರಗೆಲಸಕ್ಕೆ ಹೊಸದಾಗಿ ಸೇರಿದ್ದೀರಾ? ಮೊದಲ ದಿನ ಟೇಬಲ್ ಸಾ ತಿರುಗುವುದಿಲ್ಲ. ಮೇನ್ ಸ್ವಿಚ್ ಆಫ್, ಅದಕ್ಕೆ ಬೀಗ, ಕೀ ಮೇಷ್ಟ್ರ ಜೇಬಲ್ಲಿ. ಬೇಜಾರಾಗಬೇಡಿ, ಸುಮ್ಮನಿರುವ ಮಷೀನಿನಲ್ಲೇ ನೋಡೋದು ಬಹಳ ಇದೆ.

ಬೆರಳು ಹೋಗುವ ಭಯ ಎಲ್ಲರಿಗೂ ಇರುತ್ತೆ. ಹಲಗೆ ಹೊಟ್ಟೆಗೆ ಬಂದು ಬಡಿಯಬಹುದು ಅನ್ನೋದು ಮಾತ್ರ ಹೊಸಬರಿಗೆ ಹೊಳೆಯಲ್ಲ. ಉದ್ದಕ್ಕೆ ಸೀಳುವಾಗ ಕೆಲವು ಹಲಗೆಗಳು ಒಳಗಿನ ಬಿಗಿತದಿಂದ ಬ್ಲೇಡಿನ ಹಿಂಬದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಅಲ್ಲಿ ಹಲ್ಲುಗಳು ಕೆಳಗಿನಿಂದ ಮೇಲೇಳುತ್ತಿರುತ್ತವೆ. ಬ್ಲೇಡನ್ನು ಒತ್ತಿದ ಹಲಗೆಯನ್ನು ಎತ್ತಿ ನಿಮ್ಮತ್ತ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್.

ಬ್ಲೇಡಿನ ಬೆನ್ನಿಗೆ ನಿಂತಿರುವ ಉಕ್ಕಿನ ಪಟ್ಟಿ ನೋಡಿ. ಅದು ರಿವಿಂಗ್ ನೈಫ್. ಸೀಳು ಮುಚ್ಚಿಕೊಳ್ಳದಂತೆ ತಡೆಯುತ್ತೆ. "ಅಡ್ಡ ಬರುತ್ತೆ" ಅಂತ ಯಾರೋ ಅದನ್ನು ಬಿಚ್ಚಿಟ್ಟಿದ್ದರೆ ಆ ಮಷೀನು ಮುಟ್ಟಬೇಡಿ, ಮೇಷ್ಟ್ರಿಗೆ ಹೇಳಿ.

ಈಗ ಬ್ಲೇಡನ್ನು ಮೇಜಿನ ಕೆಳಗೆ ಇಳಿಸಿ, ಮೂರಡಿ ರೀಪರ್ ಒಂದನ್ನು ಫೆನ್ಸಿಗೆ ಒರಗಿಸಿ ತಳ್ಳಿ ನೋಡಿ. ಬ್ಲೇಡಿನ ನೇರಕ್ಕಲ್ಲ, ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಕಡೆಯ 300 ಮಿಲಿಮೀಟರ್ ಉಳಿದಾಗ ಕೈ ತೆಗೆದು ಪುಶ್ ಸ್ಟಿಕ್ ಹಿಡಿಯಿರಿ. ಕೈಗವಸು ಮಾತ್ರ ಬೇಡವೇ ಬೇಡ. ಅದರ ತುದಿ ಹಲ್ಲಿಗೆ ಸಿಕ್ಕರೆ ಕೈಯನ್ನೂ ಜತೆಗೆ ಎಳೆದುಕೊಳ್ಳುತ್ತೆ.