ಹಾಲು ಕರೆಯುವ ಯಂತ್ರ: ಇನ್ನೊಂದು ವರ್ಷ ಓಡಿಸಬೇಕೋ, ಈಗಲೇ ಬದಲಿಸಬೇಕೋ?



ಶಿರೂರಿನ ಒಂದು ಮನೆಗೆ ಕೆಚ್ಚಲು ಬಾವಿನ ಚಿಕಿತ್ಸೆಗೆಂದು ಹೋಗಿದ್ದೆ. ನಾಲ್ಕು ಎಚ್.ಎಫ್. ಮಿಶ್ರತಳಿ ಆಕಳುಗಳು, ಒಂದು ಬಕೆಟ್ಟಿನ ಹಾಲು ಕರೆಯುವ ಯಂತ್ರ. ಔಷಧಿ ಕೊಟ್ಟು ಕೈ ತೊಳೆಯುವಾಗ ಆ ಮನೆಯ ಅಕ್ಕ ಕೇಳಿದರು: "ಡಾಕ್ಟ್ರ, ಮಷಿನ್ ತಗೊಂಡು ನಾಕು ವರ್ಸ ಆತ್ರಿ. ಓಡೂದೇನೋ ಓಡಾಕತ್ತೈತಿ. ಒಬ್ರು ಹದಿನೆಂಟು ಸಾವಿರಕ್ಕ ಕೇಳ್ಯಾರ. ಕೊಟ್ಟು ಹೊಸಾದು ತರೂನೋ, ಇನ್ನೊಂದು ವರ್ಸ ನೂಕೂನೋ?"

ಈ ಪ್ರಶ್ನೆ ನಿಮ್ಮಲ್ಲಿ ಹಲವರದ್ದೂ ಹೌದು. ಮೇವು ಕತ್ತರಿಸುವ ಯಂತ್ರಕ್ಕೂ ಇದೇ ಲೆಕ್ಕ ನಡೆಯುತ್ತದೆ. ಆ ಅಕ್ಕ ಖರ್ಚನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು, ಹಾಗಾಗಿ ಲೆಕ್ಕ ಹಾಕಲು ಬಂತು. ಸುಲಭವಾಗಲೆಂದು ಅಂಕಿಗಳನ್ನು ಇಲ್ಲಿ ದುಂಡು ಮಾಡಿದ್ದೇನೆ.

ಯಂತ್ರ ಒಂದು ವರ್ಷ ನಮ್ಮ ಕೊಟ್ಟಿಗೆಯಲ್ಲಿದ್ದರೆ ಅದಕ್ಕೆ ಎರಡು ಖರ್ಚು. ಒಂದು ಕೈಯಿಂದ ಹೋಗುವುದು: ಲೈನರ್, ಎಣ್ಣೆ, ರಿಪೇರಿ. ಇನ್ನೊಂದು ಕಣ್ಣಿಗೆ ಕಾಣದ್ದು: ಆ ವರ್ಷದಲ್ಲಿ ಅದರ ಮಾರಾಟದ ಬೆಲೆ ಎಷ್ಟು ಇಳಿಯಿತು ಎಂಬುದು. ಎರಡನ್ನೂ ಕೂಡಿಸಿದರೆ ಆ ವರ್ಷದ ನಿಜವಾದ ಖರ್ಚು.

ಅಕ್ಕ ಯಂತ್ರ ತಂದದ್ದು 50,000 ರೂಪಾಯಿಗೆ. ಒಂದು ವರ್ಷ ಕಳೆದಾಗ ಅದು 36,000ಕ್ಕೆ ಮಾತ್ರ ಹೋಗುತ್ತಿತ್ತು. ಅಂದರೆ ಬೆಲೆಯಲ್ಲೇ 14,000 ಹೋಯಿತು, ಕೈಖರ್ಚು 4,000, ಒಟ್ಟು 18,000. ಎರಡನೇ ವರ್ಷ ಬೆಲೆ 7,000 ಇಳಿಯಿತು, ಕೈಖರ್ಚು 5,000. ಮೂರನೇ ವರ್ಷ 6,000 ಮತ್ತು 6,000. ನಾಲ್ಕನೇ ವರ್ಷ 5,000 ಮತ್ತು 7,000. ಬೆಲೆ ಇಳಿಯುವುದು ಕಡಿಮೆಯಾಗುತ್ತ, ರಿಪೇರಿ ಹೆಚ್ಚುತ್ತ, ಈ ಮೂರೂ ವರ್ಷ ತಲಾ 12,000 ಬಿತ್ತು.

ಈಗ ಸರಾಸರಿ ನೋಡೋಣ. ಒಂದೇ ವರ್ಷಕ್ಕೆ ಮಾರಿದ್ದರೆ ವರ್ಷಕ್ಕೆ 18,000 ಬೀಳುತ್ತಿತ್ತು. ಎರಡು ವರ್ಷ ಇಟ್ಟುಕೊಂಡರೆ 15,000, ಮೂರು ವರ್ಷಕ್ಕೆ 14,000, ನಾಲ್ಕು ವರ್ಷಕ್ಕೆ 54,000ವನ್ನು ನಾಲ್ಕರಿಂದ ಭಾಗಿಸಿ 13,500. ಹೊಸ ಯಂತ್ರವನ್ನು ಬೇಗ ಬೇಗ ಬದಲಿಸುವುದು ಏಕೆ ದುಬಾರಿ ಎಂಬುದು ಇಲ್ಲೇ ಕಾಣುತ್ತದೆ.

ಐದನೇ ವರ್ಷದ ಕಥೆ ಬೇರೆ. ನಿರ್ವಾತ ಪಂಪಿನೊಳಗಿನ ವೇನ್‌ಗಳು, ಅಂದರೆ ಗಾಳಿ ಎಳೆಯುವ ಪಟ್ಟಿಗಳು, ಸವೆದಿವೆ ಎಂದು ಮೆಕ್ಯಾನಿಕ್ ಹೇಳಿದ್ದರು. ಅದೂ ಪಲ್ಸೇಟರ್ ರಿಪೇರಿಯೂ ಸೇರಿ ಕೈಖರ್ಚು 12,000 ಆಗುವ ಅಂದಾಜು. ಬೆಲೆ 18,000ದಿಂದ 14,000ಕ್ಕೆ ಇಳಿಯುತ್ತದೆ. ಒಟ್ಟು 16,000.

ಹೋಲಿಸಬೇಕಾದದ್ದು ಈ ಎರಡನ್ನೇ: ಹಳೆಯದನ್ನು ಇನ್ನೊಂದು ವರ್ಷ ಇಟ್ಟುಕೊಂಡರೆ 16,000, ಹೊಸದನ್ನು ತಂದು ನಾಲ್ಕು ವರ್ಷ ಬಳಸಿದರೆ ವರ್ಷಕ್ಕೆ ಸರಾಸರಿ 13,500. ಹಳೆಯದರ ಬರುವ ವರ್ಷದ ಖರ್ಚು ಹೊಸದರ ಅತಿ ಕಡಿಮೆ ಸರಾಸರಿಯನ್ನು ದಾಟಿದ ವರ್ಷವೇ ಬದಲಿಸುವ ವರ್ಷ. ಹೊಸ ಯಂತ್ರದ ಬೆಲೆ ಈಗ ಏರಿದ್ದರೆ ಈ ಸರಾಸರಿಯೂ ಏರುತ್ತದೆ, ಆಗ ಹಳೆಯದನ್ನು ಇನ್ನಷ್ಟು ದಿನ ಇಟ್ಟುಕೊಳ್ಳಬಹುದು.

"ಆದ್ರ ಹೋದ ವರ್ಸ ಮೋಟರಿಗೆ ಸುರುವೀನಲ್ರೀ, ಅದು ದಂಡ ಆಗೂದಿಲ್ಲೇನು?" ಎಂದರು ಅಕ್ಕ. ಹೋದ ವರ್ಷ ಹಾಕಿದ ಹಣ ಮಾರಿದರೂ ಬಾರದು, ಇಟ್ಟುಕೊಂಡರೂ ಬಾರದು. ಆದ್ದರಿಂದ ಅದನ್ನು ಈ ಲೆಕ್ಕಕ್ಕೆ ತರಬಾರದು. ಹಾಕಿದ ಹಣ ಹಿಂದಿರುಗಲಿ ಎಂದು ಹಳೆಯ ಯಂತ್ರಕ್ಕೆ ಮತ್ತೆ ಮತ್ತೆ ಸುರಿಯುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ.

ಒಂದು ಎಚ್ಚರಿಕೆ. ಒಮ್ಮೆ ಮಾಡಿದ ದೊಡ್ಡ ರಿಪೇರಿಯಿಂದ ಮುಂದಿನ ಎರಡು ಮೂರು ವರ್ಷ ಖರ್ಚು ಇಳಿಯುವಂತಿದ್ದರೆ, ಒಂದೇ ವರ್ಷ ನೋಡಿ ತೀರ್ಮಾನಿಸಬೇಡಿ, ಆ ವರ್ಷಗಳ ಸರಾಸರಿ ತೆಗೆಯಿರಿ. ಅಕ್ಕನ ಯಂತ್ರಕ್ಕೆ ಮೋಟಾರು ಮತ್ತು ಪೈಪುಗಳೂ ಹಳೆಯವಾಗಿದ್ದರಿಂದ ಆರನೇ ವರ್ಷಕ್ಕೆ 20,000 ಅಂದಾಜಾಗಿತ್ತು. ಎರಡು ವರ್ಷದ ಸರಾಸರಿ 18,000. ರಿಪೇರಿ ಅಲ್ಲಿ ಉಳಿತಾಯ ತರುತ್ತಿರಲಿಲ್ಲ.

ಇನ್ನು ಪಶುವೈದ್ಯರಾಗಿ ನಾನು ಹೇಳಲೇಬೇಕಾದ ಮಾತು. ಯಂತ್ರದ ಖರ್ಚು ಮೆಕ್ಯಾನಿಕ್‌ನ ಬಿಲ್ಲಿನಲ್ಲಿ ಮಾತ್ರ ಇರುವುದಿಲ್ಲ, ಕೆಚ್ಚಲಿನಲ್ಲೂ ಇರುತ್ತದೆ. ದಿನಕ್ಕೆ 10 ಲೀಟರ್ ಕೊಡುವ ಆಕಳಿಗೆ ಬಾವು ಬಂದು, ಚಿಕಿತ್ಸೆ ಮತ್ತು ಔಷಧಿಯ ಅಂಶ ಹೋಗುವ ಅವಧಿ ಸೇರಿ 6 ದಿನ ಹಾಲು ಹಾಕದಿದ್ದರೆ 60 ಲೀಟರ್ ಹೋಯಿತು. ಲೀಟರಿಗೆ 35 ರೂಪಾಯಿ ಹಿಡಿದರೂ 2,100 ರೂಪಾಯಿ, ಔಷಧಿ ಬೇರೆ. ಯಂತ್ರದಿಂದಲೇ ಬಾವು ಬಂದಿದ್ದರೆ ಅದನ್ನೂ ಕೈಖರ್ಚಿಗೆ ಸೇರಿಸಿ.

ಆದರೆ ಯಂತ್ರದಿಂದಲೇ ಬಂತೆಂದು ತಿಳಿಯುವುದು ಹೇಗೆ? ಹಾಲು ಕರೆದು ಕಪ್ ತೆಗೆದ ಕೂಡಲೇ ಮೊಲೆತೊಟ್ಟು ನೋಡಿ. ಬಣ್ಣ ನೀಲಿಗಟ್ಟಿದ್ದರೆ, ತುದಿಯಲ್ಲಿ ಬಿಳಿ ಉಂಗುರದಂತೆ ಗಡುಸಾಗಿದ್ದರೆ ಯಂತ್ರದ ಮೇಲೆ ಅನುಮಾನ ಪಡಿ. ಪಲ್ಸೇಟರ್ ನಿಮಿಷಕ್ಕೆ ಸುಮಾರು 60 ಸಲ ಬಡಿಯಬೇಕು, ಗಡಿಯಾರ ಹಿಡಿದು ಎಣಿಸಿ. ಕಪ್‌ಗಳನ್ನು ಮುಚ್ಚಿ ಯಂತ್ರ ಚಾಲೂ ಮಾಡಿ, ಮುಳ್ಳು ತನ್ನ ಜಾಗಕ್ಕೆ ಬರಲು ಎಷ್ಟು ಸೆಕೆಂಡು ಬೇಕೆಂದು ತಿಂಗಳಿಗೊಮ್ಮೆ ಬರೆದಿಡಿ. ಸೆಕೆಂಡು ಹೆಚ್ಚುತ್ತ ಹೋದರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಪಂಪು ಸವೆದಿದೆ. ಮೊದಲು ಬಕೆಟ್ ಮುಚ್ಚಳದ ರಬ್ಬರ್ ಉಂಗುರ ಮತ್ತು ಪೈಪಿನ ಬಿರುಕು ನೋಡಿ. ಕಡಿಮೆ ಬೆಲೆಯ ರಬ್ಬರ್ ಉಂಗುರದ ತಪ್ಪಿಗೆ ಪಂಪಿಗೆ ಶಿಕ್ಷೆ ಕೊಟ್ಟವರಿದ್ದಾರೆ.

ಲೈನರ್ ವಿಷಯವೂ ಹಾಗೆಯೇ. ರಬ್ಬರ್ ಲೈನರನ್ನು ಸುಮಾರು 2,500 ಸಲ ಕರೆದ ಮೇಲೆ ಬದಲಿಸಬೇಕು. ನಾಲ್ಕು ಆಕಳಿಗೆ ದಿನಕ್ಕೆರಡು ಹೊತ್ತು ಅಂದರೆ 8 ಸಲ, ಹತ್ತು ತಿಂಗಳಿಗೆ ಮುಗಿಯಿತು. ಬಿರುಕು ಕಂಡರೆ ಅದಕ್ಕೂ ಮುಂಚೆಯೇ. ಹಳೆಯ ಲೈನರಿನಿಂದ ಬಂದ ಬಾವನ್ನು ಯಂತ್ರದ ಮುಪ್ಪಿನ ಲೆಕ್ಕಕ್ಕೆ ಬರೆದರೆ ತೀರ್ಮಾನ ತಪ್ಪುತ್ತದೆ. ಹೊಸ ಯಂತ್ರ ತಂದರೂ ಲೈನರ್ ಬದಲಿಸದಿದ್ದರೆ ಅದೇ ಬಾವು ಮರಳಿ ಬರುತ್ತದೆ. ಈ ಮನೆಯಲ್ಲಿ ಲೈನರಿಗೆ ವರ್ಷ ದಾಟಿತ್ತು. ಆದ್ದರಿಂದ ಆ ಬಾವಿನ ಖರ್ಚನ್ನು ನಾವು ಯಂತ್ರದ ಮೇಲೆ ಹಾಕಲಿಲ್ಲ.

ಕೊನೆಗೆ ಉಳಿದದ್ದು ಸಾಲದ ಮಾತು. ಅಕ್ಕನ ಬಳಿ ಹಣವಿರಲಿಲ್ಲ, ಶೇ. 12ರ ಬಡ್ಡಿಗೆ ತರಬೇಕಿತ್ತು. ಪ್ರತಿ ವರ್ಷದ ಆರಂಭದಲ್ಲಿ ಯಂತ್ರದ ಬೆಲೆ ಎಷ್ಟಿತ್ತೋ ಅಷ್ಟಕ್ಕೆ ಬಡ್ಡಿ ಸೇರಿಸಿ ಮತ್ತೆ ಲೆಕ್ಕ ಹಾಕಿದೆವು. ಹಳೆಯದಕ್ಕೂ ಬಡ್ಡಿ ಹಿಡಿಯಲೇಬೇಕು, ಏಕೆಂದರೆ ಮಾರಿದರೆ ಬರುವ 18,000ದಷ್ಟು ಸಾಲ ಕಡಿಮೆಯಾಗುತ್ತದೆ. ಹೊಸದರ ಸರಾಸರಿ ವರ್ಷಕ್ಕೆ 17,640 ಆಯಿತು, ಹಳೆಯದರ ಐದನೇ ವರ್ಷ 18,160. ಬಡ್ಡಿ ಇಲ್ಲದಾಗ 2,500 ಇದ್ದ ವ್ಯತ್ಯಾಸ 520ಕ್ಕೆ ಇಳಿಯಿತು. ಹೊಸದರಲ್ಲಿ ಹೆಚ್ಚು ಹಣ ಸಿಕ್ಕಿಹಾಕಿಕೊಳ್ಳುವುದರಿಂದ ಬಡ್ಡಿ ಯಾವಾಗಲೂ ಹಳೆಯದರ ಪರವಾಗಿ ವಾಲುತ್ತದೆ.

520 ರೂಪಾಯಿಗಾಗಿ ಸಾಲದ ತಲೆನೋವು ಬೇಡ ಎಂದರು ಅಕ್ಕ. ನಾನೂ ಒಪ್ಪಿದೆ, ಆದರೆ ಒಂದು ಷರತ್ತು ಹಾಕಿ. ಲೈನರ್ ಅಂದೇ ಬದಲಿಸಬೇಕು, ತಿಂಗಳಿಗೊಮ್ಮೆ ನಾಲ್ಕೂ ಆಕಳ ಹಾಲಿಗೆ ಸಿ.ಎಂ.ಟಿ. ಪರೀಕ್ಷೆ ಮಾಡಿಸಬೇಕು. ಹೊಸ ಲೈನರ್ ಹಾಕಿದ ಮೇಲೂ ಯಂತ್ರದ ದೆಸೆಯಿಂದ ಒಂದು ಆಕಳಿಗೆ ಬಾವು ಬಂದರೆ 2,100 ರೂಪಾಯಿಯ ಹಾಲು ಹೋಗುತ್ತದೆ. ಆ 520ರ ಜೊತೆ ಅದೂ ಸೇರಿದ ದಿನ, ವರ್ಷ ತುಂಬುವವರೆಗೆ ಕಾಯದೆ ಯಂತ್ರ ಮಾರುವುದೆಂದು ಮಾತಾಗಿದೆ. ಗಿರಾಕಿಯ ಫೋನ್ ನಂಬರನ್ನು ಅಕ್ಕ ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾರೆ.